ಸುಣ್ಣಕಲ್ಲಿನ ಗವಿಯೊಳಗೆ ಕುಟುಂಬದೊಡನೆ

ಗವಿಯ ಒಳಗೆ ತಂಪಾಗಿರುತ್ತದೆ ಎಂಬುದು ನಮ್ಮಲ್ಲಿ ಬಹು ಹಿಂದಿನಿಂದ ಬಂದಿರುವ ನಂಬಿಕೆ. ಋಷಿಮುನಿಗಳು ತಪಸ್ಸಿಗಾಗಿ ಗುಹೆಗಳನ್ನು ಆರಿಸಿಕೊಂಡದ್ದು ಬೇಗೆಯಿಂದ ತಪ್ಪಿಸಿಕೊಳ್ಳುವುದಕ್ಕೆಂದು ಹೇಳುವವರೂ ಉಂಟು. ಪಶ್ಚಿಮ ದೇಶಗಳ ಪ್ರವಾಸ ಗ್ರಂಥಗಳನ್ನು ತಿರುವಿ ಹಾಕಿದರೆ ಈ ನಂಬಿಕೆ ಮತ್ತಷ್ಟು ಬಲಗೊಳ್ಳುತ್ತದೆ. ಬೇಸಗೆಯಲ್ಲಿ ಹೊರಟಿದ್ದರೂ ಉಣ್ಣೆಯ ಅಂಗಿಯೊಂದನ್ನು ಜೊತೆಗೆ ಒಯ್ಯಿರಿ ಎಂಬ ಸೂಚನೆ ಅವುಗಳಲ್ಲಿ ತಪ್ಪದೆ ಇರುತ್ತದೆ. ಆ ಸೂಚನೆ ಅಲ್ಲಿಗೆ ಸರಿಯಾದುದೇ. ಆದರೆ ಅದನ್ನು ಓದಿಕೊಂಡು, ಮಕ್ಕಳಿಗೆ ಸ್ವೆಟರು ತೊಡಿಸಿ, ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ಆಂಧ್ರಪ್ರದೇಶದ ಬೆಲಂ ಗವಿಗೆ ಹೋದ ಕುಟುಂಬದ ಪಾಡು ಏನಾಗುತ್ತದೆ? ಕಾಲು ಗಂಟೆಯೊಳಗೆ ಸ್ವೆಟರು ತಂದೆಯ ಹೆಗಲನ್ನೇರುತ್ತದೆ. ಅರ್ಧ ಗಂಟೆಯೊಳಗೆ ಎಲ್ಲರ ಅಂಗಿಗಳೂ ಬೆನ್ನಿಗೆ ಅಂಟಿಕೊಳ್ಳುತ್ತವೆ.

ಒಂದು ಗವಿ ತಣ್ಣಗಿರುವುದೂ ಇನ್ನೊಂದು ಬೆವರಿಳಿಸುವುದೂ ಏಕೆ ಎಂಬುದು ಭೌತಶಾಸ್ತ್ರದ ಒಂದು ಸರಳವಾದ ಪ್ರಶ್ನೆ. ಇದರ ಉತ್ತರವನ್ನು ತಿಳಿದುಕೊಂಡವರಿಗೆ ಯಾವ ಗವಿಗೆ ಯಾವ ಉಡುಪು, ಯಾವ ಕಾಲದಲ್ಲಿ ಎಷ್ಟು ಎಚ್ಚರ, ಮನೆಯ ವೃದ್ಧರನ್ನು ಎಲ್ಲಿಯವರೆಗೆ ಕರೆದೊಯ್ಯಬಹುದು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ. ಆದುದರಿಂದ ಬೆಲಂ ಗವಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಬೆಲಂ ಇರುವುದು ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿ. 2022ಕ್ಕೆ ಮೊದಲು ಇದು ಕರ್ನೂಲು ಜಿಲ್ಲೆಗೆ ಸೇರಿತ್ತು. ಸಂಸ್ಕೃತದ ‘ಬಿಲ’ ಎಂಬ ಶಬ್ದದಿಂದಲೇ ಈ ಹೆಸರು ಬಂದಿತೆಂದು ಹೇಳುತ್ತಾರೆ. ಇಲ್ಲಿ ಬೆಟ್ಟವಿಲ್ಲ, ಕಣಿವೆಯಿಲ್ಲ. ಸಮತಟ್ಟಾದ ಬಯಲಿನ ನಡುವೆ ಬಾವಿಗಳಂತೆ ಬಾಯಿ ತೆರೆದ ಮೂರು ಹಳ್ಳಗಳಿವೆ. ನಡುವಣ ಹಳ್ಳವೇ ಗವಿಯ ಬಾಗಿಲು. ಸನ್ಗನಕಲ್ಲು ಮೊದಲಾದ ಬಳ್ಳಾರಿಯ ಸುತ್ತಣ ಪ್ರಾಚೀನ ನೆಲೆಗಳನ್ನು ಬೆಳಕಿಗೆ ತಂದ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1884ರಲ್ಲಿ ಈ ಗವಿಯ ವಿಷಯವನ್ನು ದಾಖಲೆ ಮಾಡಿದನು. ಆ ಬಳಿಕ ಸುಮಾರು ನೂರು ವರ್ಷ ಇದನ್ನು ಕೇಳುವವರಿರಲಿಲ್ಲ. 1982 ಮತ್ತು 1983ರಲ್ಲಿ ಗೆಬಾವರ್ ಎಂಬ ಜರ್ಮನ್ ಗುಹಾಶೋಧಕನೂ ಅವನ ಸಂಗಡಿಗರೂ ಒಳಹೊಕ್ಕು ಅಳತೆ ಮಾಡಿದರು. ಗವಿಯ ಒಟ್ಟು ಉದ್ದ 3,229 ಮೀಟರು. ಅತ್ಯಂತ ಆಳವಾದ ಪಾತಾಳಗಂಗೆಯೆಂಬ ತಾಣ ನೆಲದಿಂದ 46 ಮೀಟರು ಕೆಳಗಿದೆ. 2002ರಲ್ಲಿ ಜನರ ಸಂದರ್ಶನಕ್ಕೆ ತೆರೆದಾಗ ಇದರಲ್ಲಿ ಸುಮಾರು ಒಂದೂವರೆ ಕಿಲೋಮೀಟರಿನಷ್ಟು ದಾರಿಗೆ ಮಾತ್ರ ದೀಪಗಳನ್ನೂ ಮೆಟ್ಟಿಲುಗಳನ್ನೂ ಒದಗಿಸಲಾಯಿತು. ಉಳಿದ ಭಾಗ ಇಂದಿಗೂ ಕತ್ತಲೆಯದೇ.

ಈಗ ಉಷ್ಣತೆಯ ವಿಷಯಕ್ಕೆ ಬರೋಣ. ಹಗಲು ಬಿಸಿಲು ಬಿದ್ದು ನೆಲ ಕಾಯುತ್ತದೆ, ರಾತ್ರಿ ಆರುತ್ತದೆ. ಈ ಕಾಯುವುದೂ ಆರುವುದೂ ಒಂದು ಅಲೆಯಂತೆ ಕಲ್ಲಿನೊಳಕ್ಕೆ ಇಳಿಯುತ್ತವೆ. ಆದರೆ ಕಲ್ಲು ಶಾಖವನ್ನು ಬಹಳ ಸಾವಕಾಶವಾಗಿ ಸಾಗಿಸುತ್ತದೆ. ಕೆಳಗಿನ ಪದರವು ಬೆಚ್ಚಗಾಗುವ ಹೊತ್ತಿಗೆ ಮೇಲೆ ರಾತ್ರಿಯಾಗಿ ಶಾಖ ಹಿಂದಿರುಗತೊಡಗುತ್ತದೆ. ಹೀಗಾಗಿ ದಿನದ ಅಲೆ ಒಂದು ಗೇಣಿಗಿಂತ ಹೆಚ್ಚು ಆಳಕ್ಕೆ ಬಲವಾಗಿ ಇಳಿಯಲಾರದು. ಸುಣ್ಣಕಲ್ಲಿನಲ್ಲಿ ಪ್ರತಿ 17 ಸೆಂಟಿಮೀಟರಿಗೆ ಅದರ ಏರಿಳಿತ ಮೂರನೆಯ ಒಂದಂಶಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯುತ್ತದೆ. ಋತುಗಳ ಅಲೆ ಇದಕ್ಕಿಂತ ನಿಧಾನವಾದುದು. ಬೇಸಗೆಯ ಶಾಖಕ್ಕೆ ಒಳಗಿಳಿಯಲು ತಿಂಗಳುಗಟ್ಟಲೆ ಕಾಲಾವಕಾಶವಿದೆ. ಆದರೂ ಅದು ಸಹ ಸುಮಾರು ಮೂರು ಮೀಟರು ಇಳಿಯುವುದರೊಳಗೆ ಇದೇ ಪ್ರಮಾಣದಲ್ಲಿ ಕುಗ್ಗಿಬಿಡುತ್ತದೆ.

ಬೆಲಂನ ಸೀಮೆಯಲ್ಲಿ ಅತ್ಯಂತ ಸೆಕೆಯ ತಿಂಗಳಿಗೂ ಅತ್ಯಂತ ತಂಪಾದ ತಿಂಗಳಿಗೂ ಸರಾಸರಿಯಲ್ಲಿ ಸುಮಾರು 10 ಡಿಗ್ರಿ ಸೆಂಟಿಗ್ರೇಡಿನ ಅಂತರವಿದೆಯೆಂದು ಇಟ್ಟುಕೊಳ್ಳಿ. ನೆಲದಿಂದ ಮೂರು ಮೀಟರು ಕೆಳಗೆ ಈ ಅಂತರ ಸುಮಾರು ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಆರು ಮೀಟರಿನಲ್ಲಿ ಒಂದೂವರೆ ಡಿಗ್ರಿಗೆ. ಹತ್ತು ಮೀಟರಿನಲ್ಲಿ ಅರ್ಧ ಡಿಗ್ರಿಗೆ. ಇದರೊಡನೆ ಮತ್ತೊಂದು ಸೋಜಿಗವೂ ಉಂಟು. ಅಲೆ ಕೆಳಗಿಳಿಯಲು ತೆಗೆದುಕೊಳ್ಳುವ ಕಾಲದ ದೆಸೆಯಿಂದ ಹತ್ತು ಮೀಟರಿನ ಆಳದಲ್ಲಿ ಬೇಸಗೆಯು ಸುಮಾರು ಆರು ತಿಂಗಳು ತಡವಾಗಿ ಬರುತ್ತದೆ. ಮೇಲೆ ಜನ ಹೊದ್ದು ಮಲಗುವ ಕಾಲದಲ್ಲಿ ಅಲ್ಲಿಯ ಕಲ್ಲು ತನ್ನ ಅರ್ಧ ಡಿಗ್ರಿಯ ಬೇಸಗೆಯನ್ನು ಅನುಭವಿಸುತ್ತಿರುತ್ತದೆ!

ಅಂದಮೇಲೆ ಇಪ್ಪತ್ತು ಮೀಟರಿನ ಆಳದಲ್ಲಿರುವ ಗವಿಗೆ ಚಳಿಗಾಲವೂ ಇಲ್ಲ, ಬೇಸಗೆಯೂ ಇಲ್ಲ. ಮೇಲಿನ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆ ಎಷ್ಟೋ ಅದೇ ಗವಿಯ ನಿತ್ಯದ ಉಷ್ಣತೆ. ಬಾಯಿಯ ಸಮೀಪದಲ್ಲಿಯೂ, ಗಾಳಿ ಅಥವಾ ತೊರೆ ನೇರವಾಗಿ ನುಗ್ಗುವ ಕಡೆಗಳಲ್ಲಿಯೂ ಈ ನಿಯಮ ಸಡಿಲವಾಗುತ್ತದೆ. ಒಳಗಿನ ಮೊಗಸಾಲೆಗಳಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ. ಸ್ಲೊವೇನಿಯಾ ದೇಶದ ಪೊಸ್ಟೊಯ್ನಾ ಗವಿಯೊಳಗೆ ಯಾವ ತಿಂಗಳಲ್ಲಿ ಹೋದರೂ ಸುಮಾರು 10 ಡಿಗ್ರಿ. ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಗವಿಯಲ್ಲಿ 12 ಅಥವಾ 13. ಉಣ್ಣೆಯಂಗಿಯ ಸೂಚನೆ ಹುಟ್ಟಿದ್ದು ಇಂಥ ಕಡೆ. ನಮ್ಮ ದೇಶದಲ್ಲಿಯೂ ಮೇಘಾಲಯದ ಸೊಹ್ರಾ, ಎಂದರೆ ಚಿರಾಪುಂಜಿಯ ಬಳಿಯ ಮೌಸ್ಮಾಯ್ ಗವಿಗೆ ಹೋಗುವವರು ತೆಳುವಾದ ಸ್ವೆಟರನ್ನು ಒಯ್ದರೆ ಒಳ್ಳೆಯದೇ. ಆ ಊರಿನ ವಾರ್ಷಿಕ ಸರಾಸರಿ ಸುಮಾರು 17 ಡಿಗ್ರಿ. ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರು ಎತ್ತರದಲ್ಲಿರುವ ಅರಕು ಸೀಮೆಯ ಬೊರ್ರಾ ಗವಿ ವಿಶಾಖಪಟ್ಟಣದ ಕರಾವಳಿಗಿಂತ ತಂಪು. ಆದರೆ ರಾಯಲಸೀಮೆಯ ಬಯಲಿನ ಸರಾಸರಿ 28 ಡಿಗ್ರಿಗೆ ಸಮೀಪವಾದುದು. ಬೆಲಂ ಗವಿಯ ಕಲ್ಲು ಈ ಲೆಕ್ಕವನ್ನೇ ಬಿಡದೆ ಪಾಲಿಸುತ್ತದೆ.

ಹೋಗಬೇಕೆಂದಿರುವ ಗವಿಯ ಒಳಗೆ ಹೇಗಿರುತ್ತದೆಂದು ತಿಳಿಯಬೇಕಾದರೆ ಆದುದರಿಂದ ಗವಿಯನ್ನು ನೋಡಿದವರನ್ನು ಕೇಳಬೇಕಾಗಿಲ್ಲ. ಆ ಊರಿನ ಹನ್ನೆರಡು ತಿಂಗಳ ಸರಾಸರಿಯನ್ನು ಹವಾಮಾನದ ಪಟ್ಟಿಯಿಂದ ತೆಗೆದುಕೊಂಡರೆ ಸಾಕು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಮೇ ತಿಂಗಳ ಮಧ್ಯಾಹ್ನ ಹೊರಗೆ 41 ಡಿಗ್ರಿ ಇರುವಾಗ ಒಳಗಿನ 28 ಡಿಗ್ರಿ ಸ್ವರ್ಗವೇ ಅಲ್ಲವೆ? ಮತ್ತೆ ಬೆವರುವುದೇಕೆ? ಮೆಟ್ಟಿಲಿಳಿಯುವ ಮೊದಲ ಐದು ನಿಮಿಷ ಅದು ಸ್ವರ್ಗವೇ ಸರಿ. ಅನಂತರ ಗಾಳಿಯ ತೇವ ತನ್ನ ಪ್ರಭಾವವನ್ನು ತೋರಿಸತೊಡಗುತ್ತದೆ.

ಗವಿಯ ಗೋಡೆಗಳು ಸದಾ ಒದ್ದೆಯಾಗಿರುವುದರಿಂದ ಅಲ್ಲಿಯ ಗಾಳಿ ಹೆಚ್ಚುಕಡಿಮೆ ತಾನು ಹಿಡಿಯಬಲ್ಲಷ್ಟು ನೀರಾವಿಯನ್ನೂ ಹಿಡಿದುಕೊಂಡಿರುತ್ತದೆ. 28 ಡಿಗ್ರಿಯಲ್ಲಿ ಅದು ಒಂದು ಘನ ಮೀಟರು ಗಾಳಿಗೆ 27 ಗ್ರಾಂ. ಹೊರಗಿನ 41 ಡಿಗ್ರಿಯ ಗಾಳಿ 53 ಗ್ರಾಂವರೆಗೆ ಹಿಡಿಯಬಲ್ಲುದಾದರೂ ಬೇಸಗೆಯ ಒಣಹವೆಯಲ್ಲಿ ಅದರ ಐದನೆಯ ಒಂದು ಪಾಲು, ಎಂದರೆ 11 ಗ್ರಾಂ ಮಾತ್ರ ಇರುತ್ತದೆಂದು ಎಣಿಸೋಣ. ನಮ್ಮ ಮೈಚರ್ಮ ಸುಮಾರು 35 ಡಿಗ್ರಿಯದು. ಬೆವರಿನಿಂದ ಒದ್ದೆಯಾದ ಚರ್ಮಕ್ಕೆ ತಾಗಿಕೊಂಡಿರುವ ತೆಳುವಾದ ಗಾಳಿಯಲ್ಲಿ 39 ಗ್ರಾಂ ಆವಿ ಇರುತ್ತದೆ. ಬೆವರು ಆರುವುದು ಈ 39ಕ್ಕೂ ಸುತ್ತಣ ಗಾಳಿಯ ಆವಿಗೂ ಇರುವ ವ್ಯತ್ಯಾಸದಿಂದ. ಹೊರಗೆ ಆ ವ್ಯತ್ಯಾಸ 28. ಗವಿಯೊಳಗೆ ಕೇವಲ 12. ಎಂದರೆ, ಗಾಳಿಯ ಬೀಸು ಒಂದೇ ಆಗಿದ್ದರೂ, ಒಳಗೆ ಬೆವರು ಆರುವ ವೇಗ ಅರ್ಧಕ್ಕಿಂತ ಕಡಿಮೆ. ಒಳಗಂತೂ ಗಾಳಿ ಬೀಸುವುದೇ ಇಲ್ಲ.

ಮೆಟ್ಟಿಲು ಹತ್ತಿ ಇಳಿಯುವ ದೊಡ್ಡವರೊಬ್ಬರ ದೇಹ ಸೆಕೆಂಡಿಗೆ 250 ಜೌಲಿನಷ್ಟು ಶಾಖವನ್ನು ಹೊರಕ್ಕೆ ಹಾಕಬೇಕಾಗುತ್ತದೆ. ಇದನ್ನೆಲ್ಲ ಬೆವರೇ ಒಯ್ಯಬೇಕಾದರೆ ಗಂಟೆಗೆ 370 ಗ್ರಾಂ ನೀರು ಆರಿಹೋಗಬೇಕು. ಗವಿಯಲ್ಲಿ ಸುತ್ತಣ ಗಾಳಿ ಮೈಗಿಂತ ತಂಪಾದುದರಿಂದ ಸ್ವಲ್ಪ ಶಾಖ ಹಾಗೆಯೇ ಹೋಗುತ್ತದೆ ನಿಜ. ಆದರೆ ಬೆವರು ಆರದೆ ತೊಟ್ಟಿಕ್ಕಿದರೆ ಅದರಿಂದ ತಂಪೇನೂ ದೊರೆಯುವುದಿಲ್ಲ, ದೇಹದ ನೀರು ಮಾತ್ರ ನಷ್ಟವಾಗುತ್ತದೆ. ಆದುದರಿಂದ ಬೆಲಂಗೆ ಹೋಗುವವರು ತೆಳುವಾದ ಸಡಿಲವಾದ ಹತ್ತಿಯ ಬಟ್ಟೆ ತೊಡಬೇಕು, ತಲೆಗೊಂದರಂತೆ ನೀರಿನ ಸೀಸೆ ಇರಬೇಕು, ನಡಿಗೆ ನಿಧಾನವಾಗಿರಬೇಕು. ಒಂದು ವಸ್ತ್ರವನ್ನು ಇಟ್ಟುಕೊಂಡು ಆಗಾಗ ಮುಖ ಒರಸಿಕೊಂಡರೆ ಹಿತವೆನಿಸುತ್ತದೆ. ದೇಹ ತಣಿಯುವುದು ಮಾತ್ರ ನಿಂತು ವಿಶ್ರಮಿಸಿದಾಗಲೇ.

ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಒಂದು ಚಿಕ್ಕ ಪ್ರಯೋಗವನ್ನು ಮಾಡಿಸಬಹುದು. ಎರಡು ಸಾಧಾರಣ ಉಷ್ಣತಾಮಾಪಕಗಳನ್ನು ಒಯ್ದು ಒಂದರ ಬುರುಡೆಗೆ ಒದ್ದೆಯ ಬಟ್ಟೆ ಸುತ್ತಬೇಕು. ಗವಿಯ ಮೇಲೆ, ನೆರಳಿನಲ್ಲಿ ಬೀಸಣಿಗೆಯಿಂದ ಗಾಳಿ ಹಾಕಿ ನೋಡಿದರೆ ಒದ್ದೆಯದು ಒಣಗಿದುದಕ್ಕಿಂತ ಹದಿನೈದು ಡಿಗ್ರಿಗೂ ಮಿಗಿಲಾಗಿ ಕೆಳಗೆ ನಿಲ್ಲಬಹುದು. ಒಳಗೆ ಅರ್ಧ ಗಂಟೆ ನಡೆದ ಮೇಲೆ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಗೆರೆಯನ್ನು ತೋರಿಸುತ್ತವೆ. ಬೀಸಣಿಗೆ ಎಷ್ಟು ಬೀಸಿದರೂ ವ್ಯತ್ಯಾಸವಾಗದು. ತಮ್ಮ ಬೆವರು ಏಕೆ ಆರುತ್ತಿಲ್ಲವೆಂಬುದನ್ನು ಆ ಮಕ್ಕಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಕನ್ನಡಕ ಧರಿಸುವವರಿಗೆ ಇನ್ನೊಂದು ಮಾತು. ತಂಪು ಯಂತ್ರ ಹಾಕಿದ ಕಾರಿನಿಂದ ಇಳಿದು ನೇರವಾಗಿ ಗವಿಯನ್ನು ಹೊಕ್ಕರೆ, ಅಥವಾ ಡಿಸೆಂಬರಿನ ಬೆಳಗ್ಗೆ ಹೋದರೆ, ಗಾಜು 28 ಡಿಗ್ರಿಗಿಂತ ತಣ್ಣಗಿರುವುದರಿಂದ ಅದರ ಮೇಲೆ ಕೂಡಲೆ ಮಂಜು ಕವಿಯುತ್ತದೆ. ಮೆಟ್ಟಿಲಿನ ಮೇಲೆ ಇದು ಅಪಾಯಕರ. ಬಾಗಿಲಿನಲ್ಲಿ ಐದು ನಿಮಿಷ ನಿಂತು ಗಾಜು ಬೆಚ್ಚಗಾದ ಮೇಲೆ ಇಳಿಯುವುದು ಲೇಸು. ಕ್ಯಾಮೆರಾಕ್ಕೂ ಇದೇ ಮಾತು ಸಲ್ಲುತ್ತದೆ.

ಉಷ್ಣತೆಗಿಂತ ಗಂಭೀರವಾದುದು ಉಸಿರಾಟದ ವಿಷಯ. ಬೆಲಂ ಗವಿಯ ಬಾಯಿ ಮೇಲ್ಭಾಗದಲ್ಲಿದೆ, ಗವಿ ಕೆಳಗಿದೆ. ಅದೊಂದು ದೊಡ್ಡ ಹೂಜಿಯಂತೆ. ಚಳಿಗಾಲದ ರಾತ್ರಿ ಹೊರಗಿನ ಗಾಳಿ 18 ಡಿಗ್ರಿಗೆ ಇಳಿದಾಗ ಅದು ಒಳಗಿನ ಗಾಳಿಗಿಂತ ಭಾರವಾಗುತ್ತದೆ. ಭಾರವಾದುದು ಕೆಳಕ್ಕೆ ಸುರಿಯುತ್ತದೆ, ಒಳಗಿನ ಬೆಚ್ಚನೆಯ ತೇವದ ಗಾಳಿ ಮೇಲೇರಿ ಹೊರಬೀಳುತ್ತದೆ. ಗವಿ ಉಸಿರಾಡುತ್ತದೆಂದೇ ಹೇಳಬಹುದು. ಆದರೆ ಬೇಸಗೆಯಲ್ಲಿ ಒಳಗಿನ ಗಾಳಿಯೇ ತಂಪು, ಅದೇ ಭಾರ. ಹೊರಗಿನ ಹಗುರವಾದ ಬಿಸಿಗಾಳಿ ಅದನ್ನು ಎತ್ತಲಾರದು. ಹೂಜಿಯೊಳಗಿನ ನೀರಿನಂತೆ ಒಳಗಿನ ಗಾಳಿ ನಿಂತಲ್ಲಿಯೇ ನಿಲ್ಲುತ್ತದೆ. ಶಾಲೆಗೆ ರಜೆ ಬಂದು ಕುಟುಂಬಗಳು ಗುಂಪುಗುಂಪಾಗಿ ಬರುವ ಕಾಲವೂ ಇದೇ ಎಂಬುದನ್ನು ಗಮನಿಸಬೇಕು.

ಹೀಗೆ ನಿಂತ ಗಾಳಿಗೆ ಇಂಗಾಲದ ಡೈಆಕ್ಸೈಡ್ ಎರಡು ಕಡೆಯಿಂದ ಸೇರುತ್ತದೆ. ಮೊದಲನೆಯದು ಗವಿಯನ್ನು ಕೊರೆದ ಪ್ರಕ್ರಿಯೆಯಿಂದಲೇ. ಮಳೆಯ ನೀರು ಮಣ್ಣಿನ ಮೂಲಕ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಈ ಅನಿಲವನ್ನು ಹೀರಿಕೊಂಡು ಸೋಡಾ ನೀರಿನಂತೆ ಕೊಂಚ ಆಮ್ಲೀಯವಾಗುತ್ತದೆ. ಅಂಥ ನೀರು ಸುಣ್ಣಕಲ್ಲನ್ನು ಕರಗಿಸಬಲ್ಲುದು. ಬಿರುಕುಗಳು ಹಿಗ್ಗಿ ದಾರಿಗಳಾದುದು ಹೀಗೆ. ಅದೇ ನೀರು ಗವಿಯ ಚಾವಣಿಯಲ್ಲಿ ಹನಿಯಾಗಿ ತೂಗಿದಾಗ ಹೀರಿಕೊಂಡಿದ್ದ ಅನಿಲವನ್ನು ಗವಿಯ ಗಾಳಿಗೆ ಬಿಟ್ಟುಕೊಡುತ್ತದೆ. ಕರಗಿದ ಸುಣ್ಣವನ್ನು ಇಟ್ಟುಕೊಳ್ಳಲಾರದೆ ಒಂದು ತೆಳುವಾದ ಉಂಗುರವಾಗಿ ಚಾವಣಿಗೆ ಅಂಟಿಸಿಬಿಡುತ್ತದೆ. ಮೇಲಿನಿಂದ ಇಳಿಬೀಳುವ ಸುಣ್ಣದ ತೊಂಗಲುಗಳೂ ಕೆಳಗಿನಿಂದ ಲಿಂಗಾಕಾರವಾಗಿ ಏಳುವ ಕಂಬಗಳೂ ಬೆಳೆಯುವುದು ಹೀಗೆಯೇ. ಒಟ್ಟಾರೆ ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದಂಶವೆಂದರೂ ಒಂದು ಗೇಣುದ್ದದ ತೊಂಗಲಿಗೆ ಎರಡು ಸಾವಿರ ವರ್ಷಗಳಾದವು.

ಎರಡನೆಯದು ನಾವೇ. ನಡೆಯುತ್ತಿರುವ ಮನುಷ್ಯನೊಬ್ಬ ಗಂಟೆಗೆ 30 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಬಿಡುತ್ತಾನೆ. ನೂರು ಮಂದಿ ಒಂದು ಗಂಟೆ ಸುತ್ತಾಡಿದರೆ 3 ಘನ ಮೀಟರು. ಅವರೆಲ್ಲ 3,000 ಘನ ಮೀಟರಿನ ಒಂದು ಮುಚ್ಚಿದ ಮೊಗಸಾಲೆಯಲ್ಲಿದ್ದರೆ ಅಲ್ಲಿಯ ಅನಿಲದ ಪ್ರಮಾಣ ನೂರಕ್ಕೆ 0.1ರಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿರುವುದು ನೂರಕ್ಕೆ ಸುಮಾರು 0.04 ಮಾತ್ರ. ಒಂದು ಗಂಟೆಯಲ್ಲಿ ಅಪಾಯವೇನೂ ಇಲ್ಲ. ಆದರೆ ಗಾಳಿ ಬದಲಾಗದಿದ್ದರೆ ಗಂಟೆಯಿಂದ ಗಂಟೆಗೆ ಇದು ಕೂಡುತ್ತ ಹೋಗುತ್ತದೆ. ಬೆಲಂನಲ್ಲಿ ಹೊರಗಿನ ಗಾಳಿಯನ್ನು ಒಳಕ್ಕೆ ಊದುವ ಯಂತ್ರಗಳನ್ನು ಅಳವಡಿಸಿರುವುದು ಇದಕ್ಕಾಗಿಯೇ. ಕೊಳವೆಯ ಬಾಯಿಯಿಂದ ಗಾಳಿ ಬರುತ್ತಿರುವುದು ಕೈಗೆ ತಿಳಿಯುತ್ತದೆ. ವಿಶ್ರಮಿಸಿಕೊಳ್ಳಬೇಕೆನಿಸಿದಾಗ ಅಂಥ ಕಡೆಯಲ್ಲಿಯೇ ಕುಳಿತುಕೊಳ್ಳಬೇಕು.

ಗಾಳಿ ಕೆಟ್ಟಿದೆಯೆಂದು ತಿಳಿಯುವುದು ಹೇಗೆ? ದೀಪ ಆರಿದರೆ ಅಪಾಯ ಎಂದು ಬಾವಿ ತೋಡುವವರಲ್ಲಿ ಒಂದು ಪರೀಕ್ಷೆ ಉಂಟು. ಆದರೆ ದೀಪ ಆರುವುದು ಮುಖ್ಯವಾಗಿ ಆಮ್ಲಜನಕ ನೂರಕ್ಕೆ 21ರಿಂದ ಹದಿನಾರು ಹದಿನೇಳಕ್ಕೆ ಇಳಿದಾಗ. ಇಂಗಾಲದ ಡೈಆಕ್ಸೈಡ್ ಅದಕ್ಕೆ ಬಹಳ ಮೊದಲೇ, ನೂರಕ್ಕೆ ಎರಡು ಮೂರರಷ್ಟಾದಾಗಲೇ ಮನುಷ್ಯನನ್ನು ಬಾಧಿಸುತ್ತದೆ. ಆದುದರಿಂದ ಮೋಂಬತ್ತಿಯನ್ನು ನೆಚ್ಚಬಾರದು. ಗವಿಯೊಳಗೆ ಅದನ್ನು ಹಚ್ಚುವುದೂ ತರವಲ್ಲ. ನಮ್ಮ ಉಸಿರೇ ಅದಕ್ಕಿಂತ ಸೂಕ್ಷ್ಮವಾದ ಮಾಪಕ. ಮೆಟ್ಟಿಲು ಹತ್ತಿ ಏದುಸಿರು ಬಂದರೆ ಅದು ಸಹಜ. ಎರಡು ಮೂರು ನಿಮಿಷ ನಿಂತರೆ ಇಳಿಯಬೇಕು. ನಿಂತು ಐದು ನಿಮಿಷವಾದರೂ ಇಳಿಯದೆ, ತಲೆ ನೋಯತೊಡಗಿದರೆ, ಅಥವಾ ಕೂತಿದ್ದ ಮಗು ದೊಡ್ಡದಾಗಿ ಉಸಿರೆಳೆಯುತ್ತಿದ್ದರೆ, ಚರ್ಚೆಗೆ ನಿಲ್ಲದೆ ಬಂದ ದಾರಿಯಲ್ಲಿಯೇ ಮೇಲಕ್ಕೆ ಹಿಂದಿರುಗಬೇಕು. ಆಸ್ತಮಾ ಇರುವವರನ್ನೂ ಹೃದಯದ ತೊಂದರೆಯುಳ್ಳವರನ್ನೂ ಕೈಗೂಸುಗಳನ್ನೂ ಪಾತಾಳಗಂಗೆಯವರೆಗೆ ಕರೆದೊಯ್ಯಬಾರದೆಂದೇ ನನ್ನ ಅಭಿಪ್ರಾಯ. ಇಳಿದಷ್ಟನ್ನೂ ಹತ್ತಬೇಕು, 46 ಮೀಟರೆಂದರೆ ಹದಿನೈದು ಅಂತಸ್ತಿನ ಕಟ್ಟಡ.

ಇನ್ನು ಪಾದರಕ್ಷೆಯ ಮಾತು. ಬೆಲಂನ ದಾರಿ ಬಹುಪಾಲು ಸಮತಟ್ಟಾಗಿರುವುದರಿಂದ ಹವಾಯಿ ಚಪ್ಪಲಿಯಲ್ಲಿ ಬರುವವರೇ ಹೆಚ್ಚು. ಒಣಗಿದ ಕಲ್ಲಿನ ಮೇಲೆ ರಬ್ಬರಿನ ಹಿಡಿತ ಬಹಳ ಚೆನ್ನಾದುದು. ಮೂವತ್ತು ಡಿಗ್ರಿಯ ಇಳಿಜಾರಿನಲ್ಲಿಯೂ ಅದು ಜಾರದು. ಆದರೆ ಸುಣ್ಣಕಲ್ಲು ಕರಗಿದ ಮೇಲೆ ಕರಗದೆ ಉಳಿಯುವುದು ನುಣ್ಣನೆಯ ಜೇಡಿ. ನೀರಿನೊಡನೆ ಬೆರೆತ ಈ ಜೇಡಿಯ ತೆಳುವಾದ ಪೊರೆ ಅಟ್ಟೆಗೂ ಕಲ್ಲಿಗೂ ನಡುವೆ ಎಣ್ಣೆಯಂತೆ ನಿಲ್ಲುತ್ತದೆ. ರಬ್ಬರು ಕಲ್ಲನ್ನು ಮುಟ್ಟುವುದೇ ಇಲ್ಲ. ಘರ್ಷಣೆಯ ಅಂಕ 0.2ಕ್ಕೆ ಇಳಿಯಿತೆನ್ನಿ, ಆಗ ಹನ್ನೊಂದು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಸುಮ್ಮನೆ ನಿಂತಿರುವುದೂ ಸಾಧ್ಯವಿಲ್ಲ. ಐದು ಹೆಜ್ಜೆ ನಡೆಯುವಷ್ಟರಲ್ಲಿ ಒಂದು ಹೆಜ್ಜೆಯಷ್ಟು ಏರುವ ದಾರಿ ಅದು, ಕಣ್ಣಿಗೆ ಇಳಿಜಾರೆಂದೇ ತೋರುವುದಿಲ್ಲ.

ಅಟ್ಟೆಯ ಕೆಳಗೆ ಆಳವಾದ ಗೀರುಗಳಿದ್ದರೆ ಪೊರೆಯ ನೀರೂ ಜೇಡಿಯೂ ಅವುಗಳೊಳಕ್ಕೆ ಸರಿದು, ನಡುವಣ ಉಬ್ಬುಗಳು ಕಲ್ಲನ್ನು ಹಿಡಿಯುತ್ತವೆ. ಹಳೆಯ ಬೂಟುಗಳಲ್ಲಿ ಈ ಗೀರುಗಳು ಸವೆದಿರುತ್ತವೆ. ಹೊರಡುವ ಮುನ್ನ ಮಗುಚಿ ನೋಡಬೇಕು. ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿ ಜೇಡಿಯಲ್ಲಿ ಸಿಕ್ಕಿಕೊಂಡು ಕಾಲಿನಿಂದ ಕಳಚುತ್ತದೆ. ಎತ್ತರದ ಹಿಮ್ಮಡಿಯವಂತೂ ಬೇಡವೇ ಬೇಡ. ಬೂಟಿನ ಅಭ್ಯಾಸವಿಲ್ಲದ ಅಜ್ಜಿಗೆ ಅಂದೇ ಹೊಸ ಬೂಟು ತೊಡಿಸುವುದಕ್ಕಿಂತ, ಪಟ್ಟಿಯಿರುವ ರಬ್ಬರ್ ಅಟ್ಟೆಯ ಚಪ್ಪಲಿ ಮೇಲು. ಸೀರೆಯ ನೆರಿಗೆಯನ್ನು ಒಂದು ಚೋಟು ಮೇಲಕ್ಕೆ ಕಟ್ಟಿಕೊಳ್ಳಬೇಕೆಂದು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಒಳಗಿನ ದಾರಿಯ ಬಗೆಗೆ ಹೇಳುವುದು ಸ್ವಲ್ಪ. ಮೆಟ್ಟಿಲಿಳಿದು ಸುಮಾರು ಇಪ್ಪತ್ತು ಮೀಟರು ಕೆಳಗೆ ಹೋದ ಮೇಲೆ ದಾರಿ ಅಡ್ಡಡ್ಡಲಾಗಿ ಹರಡುತ್ತದೆ. ಸಿಂಹದ್ವಾರ, ಕೋಟಿಲಿಂಗಗಳ ಮೊಗಸಾಲೆ, ಆಲದ ಬಿಳಲುಗಳಂತೆ ತೊಂಗಲುಗಳಿರುವ ಕೋಣೆ, ಧ್ಯಾನಮಂದಿರ ಇವೆಲ್ಲ ದೀಪವಿರುವ ದಾರಿಯಲ್ಲಿಯೇ ಸಿಕ್ಕುತ್ತವೆ. ಸಪ್ತಸ್ವರಗಳ ಗವಿಯೆಂಬ ಭಾಗವನ್ನು 2006ರಲ್ಲಿ ತೆರೆದರು. ಅಲ್ಲಿ ತೂಗುವ ಕಲ್ಲಿನ ಹಾಳೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಲೋಹದಂಥ ನಾದ ಬರುತ್ತದೆ. ಒಂದು ಕಡೆ ಮಾತ್ರ ಕಚ್ಚಿಕೊಂಡ ತೆಳುವಾದ ಹಾಳೆ, ಒಳಗೆ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ, ತನ್ನ ಉದ್ದಕ್ಕೂ ದಪ್ಪಕ್ಕೂ ತಕ್ಕ ಸ್ವರದಲ್ಲಿ ಕಂಪಿಸುತ್ತದೆ. ದೇವಾಲಯಗಳ ಸಂಗೀತದ ಕಂಬಗಳಲ್ಲಿಯೂ ಇದೇ ತತ್ತ್ವ. ಮಾರ್ಗದರ್ಶಿ ತಟ್ಟಿ ತೋರಿಸಿದಾಗ ಕೇಳಿ ಸಂತೋಷಪಡುವುದೇ ಸಾಕು. ಪ್ರತಿಯೊಬ್ಬರೂ ಒಂದೊಂದು ಏಟು ಕೊಟ್ಟರೆ ಎಷ್ಟು ದಿನ ಬಾಳೀತು? ತೊಂಗಲುಗಳನ್ನು ಸವರುವುದೂ ಇದೇ ಬಗೆಯ ಕೇಡು. ಅಂಗೈಯ ಜಿಡ್ಡು ಹತ್ತಿದ ಕಡೆ ನೀರು ಹರಡದೆ ಜಾರಿಹೋಗಿ ಸುಣ್ಣ ಕೂರುವುದು ನಿಲ್ಲುತ್ತದೆ; ಕೈಯೆಟಕುವ ಎತ್ತರದ ತೊಂಗಲುಗಳು ಕಪ್ಪಗೆ ಮಿರುಗುತ್ತಿರುವುದು ಇದರಿಂದಲೇ.

ಮಾರ್ಗದರ್ಶಿಯನ್ನು ಬಿಟ್ಟು ದೀಪವಿಲ್ಲದ ಕವಲಿಗೆ ಕಾಲಿಡಬಾರದೆಂಬ ನಿಯಮಕ್ಕೆ ಕಾರಣ ಹಾವು ಚೇಳುಗಳಲ್ಲ. ಊದುವ ಗಾಳಿ ಆ ಕವಲುಗಳನ್ನು ಮುಟ್ಟುವುದಿಲ್ಲ. ತಗ್ಗಾದ ಕುರುಡು ಕೊನೆಗಳಲ್ಲಿ ಕೆಟ್ಟ ಗಾಳಿ ನಿಂತಿರಬಹುದು. ಇನ್ನೊಂದು ಕಾರಣ ಕತ್ತಲೆ. ನಾವು ಕತ್ತಲೆಯೆಂದು ಕರೆಯುವ ಅಮಾವಾಸ್ಯೆಯ ರಾತ್ರಿಯಲ್ಲಿಯೂ ನಕ್ಷತ್ರಗಳ ಬೆಳಕುಂಟು. ಅರ್ಧ ಗಂಟೆ ಕಳೆದರೆ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ. ಗವಿಯಲ್ಲಿ ಹೊಂದಿಕೊಳ್ಳಲು ಬೆಳಕೆಂಬುದೇ ಇಲ್ಲ. ಒಂದು ದಿನ ಕಾದರೂ ಕೈ ಕಾಣಿಸದು. ಆದುದರಿಂದ ದೊಡ್ಡವರಲ್ಲಿ ಇಬ್ಬರ ಬಳಿಯಾದರೂ ಬ್ಯಾಟರಿ ದೀಪವಿರಲಿ. ಫೋನಿನ ದೀಪವನ್ನು ಮೂರನೆಯದೆಂದು ಎಣಿಸಿರಿ. ವಿದ್ಯುತ್ತು ನಿಂತುಹೋದರೆ ಎಲ್ಲರೂ ನಿಂತ ಜಾಗದಲ್ಲಿಯೇ ಕುಳಿತುಬಿಡಬೇಕು, ಮಕ್ಕಳನ್ನು ಹೆಸರು ಹಿಡಿದು ಕರೆದು ಎಣಿಸಬೇಕು, ಅನಂತರ ದೀಪ ಹಚ್ಚಬೇಕು. ಹುಡುಕಿಕೊಂಡು ಓಡುವುದರಿಂದಲೇ ತಲೆ ಚಾವಣಿಗೆ ಬಡಿಯುವುದು. ಮಕ್ಕಳಿಗೆ ಇದನ್ನು ಮೇಲೆಯೇ, ಇಳಿಯುವುದಕ್ಕೆ ಮೊದಲೇ ಆಟದಂತೆ ಹೇಳಿಕೊಡಬೇಕು.

ಮಳೆಗಾಲದ ವಿಷಯದಲ್ಲಿಯೂ ಎಚ್ಚರ ಬೇಕು. ಸುಣ್ಣಕಲ್ಲಿನ ಸೀಮೆಯಲ್ಲಿ ನೀರು ನೆಲದ ಮೇಲೆ ಹರಿಯುವುದಕ್ಕಿಂತ ಹಳ್ಳಗಳಲ್ಲಿಳಿದು ನೆಲದೊಳಗೆ ಹರಿಯುವುದೇ ಹೆಚ್ಚು, ಅದೂ ಎಲ್ಲಿಯೋ ದೂರದಲ್ಲಿ ಬಿದ್ದ ಮಳೆಯಾಗಿರಬಹುದು. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಎಂಬ ಸುಣ್ಣಕಲ್ಲಿನ ಗವಿಯನ್ನು ಹೊಕ್ಕ ಹನ್ನೆರಡು ಹುಡುಗರೂ ಅವರ ತರಬೇತುದಾರನೂ ಹೊರಬರುವ ದಾರಿ ಮಳೆನೀರಿನಿಂದ ಮುಚ್ಚಿಹೋಗಿ ಒಳಗೇ ಉಳಿದರು. ಕೊನೆಯವರನ್ನು ಹೊರತಂದುದು ಜುಲೈ 10ರಂದು. ಅವರನ್ನು ಕಾಪಾಡಲು ಹೋದ ಮುಳುಗುಗಾರನೊಬ್ಬ ಉಸಿರುಕಟ್ಟಿ ಪ್ರಾಣ ಬಿಟ್ಟನು. ಹಿಂದಿನ ರಾತ್ರಿ ಜೋರಾಗಿ ಮಳೆಯಾಗಿದ್ದರೆ ಟಿಕೆಟಿನ ಕಟ್ಟೆಯಲ್ಲಿ ಕೇಳಿ ತಿಳಿಯಬೇಕು; ಒಳಗೆ ತೊಟ್ಟಿಕ್ಕುತ್ತಿದ್ದ ನೀರು ಧಾರೆಯಾದರೆ, ತಿಳಿಯಾಗಿದ್ದುದು ಕೆಂಪಾದರೆ, ಯಾರನ್ನೂ ಕೇಳದೆ ಹಿಂದಿರುಗಬೇಕು.

ಪಾತಾಳಗಂಗೆಯಲ್ಲಿ ಕಾಣುವುದು ಸಣ್ಣದೊಂದು ತೊರೆ. ವರ್ಷವಿಡೀ ಹರಿದು ನೆಲದೊಳಕ್ಕೆ ಮಾಯವಾಗುತ್ತದೆ. ಬೆಲಂ ಊರಿನ ಬಾವಿಯೊಂದಕ್ಕೆ ಅದು ಹೋಗಿ ಸೇರುತ್ತದೆಂದು ಜನರ ನಂಬಿಕೆ. ಅಲ್ಲಿಂದ ಹಿಂದಿರುಗುವಾಗ ಮನೆಯ ಅತ್ಯಂತ ನಿಧಾನದವರನ್ನು ಮುಂದೆ ಬಿಟ್ಟು ಉಳಿದವರು ಹಿಂದೆ ಬರಬೇಕು. ಆಗ ಇಡೀ ಗುಂಪಿನ ವೇಗ ತಾನಾಗಿಯೇ ಅವರ ಉಸಿರಿಗೆ ಹೊಂದುತ್ತದೆ. ಬಾಗಿಲಿನ ಮೆಟ್ಟಿಲುಗಳ ಕೊನೆಯ ತಿರುವಿನಲ್ಲಿ ಒಣಗಾಳಿ ಮೊದಲ ಬಾರಿಗೆ ಮುಖಕ್ಕೆ ತಾಗುತ್ತದೆ. ಅದು 41 ಡಿಗ್ರಿಯದಾದರೂ, ಒದ್ದೆಯ ಅಂಗಿಯೊಳಗಿನ ಮೈಗೆ ಒಂದೆರಡು ನಿಮಿಷ ಗವಿಗಿಂತ ತಂಪೆನಿಸುತ್ತದೆ; ಎರಡು ಗಂಟೆ ಆರದೆ ಉಳಿದಿದ್ದ ಬೆವರು ಈಗ ಒಟ್ಟಿಗೆ ಆರುತ್ತಿದೆ. ಆ ಒಂದೆರಡು ನಿಮಿಷಗಳಲ್ಲಿಯೇ ಎಲ್ಲರನ್ನೂ ನೆರಳಿಗೆ ಕರೆತಂದು, ಉಳಿದಿರುವ ನೀರನ್ನು ಮೊದಲು ಅಜ್ಜಿಗೂ ಮಕ್ಕಳಿಗೂ ಕುಡಿಸಿ, ಅಂಗಿ ಪೂರ್ತಿ ಒಣಗಿದ ಮೇಲೆ ಕಾರಿನ ಬಾಗಿಲು ತೆಗೆಯಬೇಕು.